ಹಳೇ ಬಿಲ್ಲು ರದ್ದಿಗೆ ಹಾಕೋ ಮೊದಲು

ಎಲ್ಲ ವ್ಯಾಪಾರಸ್ಥರಿಗೂ ನಮಸ್ಕಾರ್ರೀ. ದೀಪಾವಳಿಗೆ ಅಂಗಡಿ ಸ್ವಚ್ಛ ಮಾಡೋವಾಗ ಹಳೇ ಬಿಲ್ ಫೈಲು ರದ್ದಿಗೆ ಹಾಕಬ್ಯಾಡ್ರಿ. ಜಿಎಸ್‌ಟಿ ಇರೋರು ಬಿಲ್ಲು ಇಡಬೇಕಾದ್ದು ವಾರ್ಷಿಕ ರಿಟರ್ನಿನ ಕೊನೇ ದಿನದಿಂದ 72 ತಿಂಗಳು, ಬಿಲ್ಲಿನ ತಾರೀಖಿನಿಂದ ಅಲ್ಲ. 2022-23ರ ರಿಟರ್ನಿಗೆ ಕೊನೇ ದಿನ 31 ಡಿಸೆಂಬರ್ 2023 ಇತ್ತು. ಹಂಗಾಗಿ 2022ರ ಏಪ್ರಿಲ್ ಬಿಲ್ಲೂ 31 ಡಿಸೆಂಬರ್ 2029ರ ತನಕ ಬೇಕು. ಅಪೀಲು ನಡೆದಿದ್ರ ಇನ್ನೂ ಮುಂದಕ್ಕ ಹೋಗಬಹುದು, ನಿಮ್ಮ ಆಡಿಟರನ್ನ ಕೇಳ್ರಿ.

ಥರ್ಮಲ್ ಕಾಗದದ ಬಿಲ್ಲು ಬರಬರುತ್ತ ಅಕ್ಷರ ಅಳಿಸಿ ಬೆಳ್ಳಗಾಗ್ತಾವು, ಬಂದ ದಿನಾನ ಸ್ಕ್ಯಾನ್ ಮಾಡ್ರಿ. ವರ್ಷ-ತಿಂಗಳ ಫೋಲ್ಡರಿನಾಗ ಇಟ್ಟು, ಇನ್ನೊಂದು ಪ್ರತಿ ಹಾರ್ಡ್ ಡಿಸ್ಕಿಗೆ ಹಾಕಿ ಮನೀಗೆ ಒಯ್ರಿ. ಕಂಪ್ಯೂಟರಿಗೇ ಸದಾ ಚುಚ್ಚಿಟ್ಟ ಡಿಸ್ಕು ಬ್ಯಾಕಪ್ ಅಲ್ಲ, ವೈರಸ್ ಬಂದ್ರ ಎರಡೂ ಹೋಗ್ತಾವು.

ಡಿಸ್ಕ್ ಬೇಕಾದವರು ಶನಿವಾರದೊಳಗ ಇಲ್ಲೇ ಹೆಸರು ಹಾಕ್ರಿ, ಹುಬ್ಬಳ್ಳಿಯಿಂದ ಒಟ್ಟಿಗೇ ತರಿಸೋಣು.