ಗೆಳೆಯನಿಗೊಂದು ಪತ್ರ: ಇಪ್ಪತ್ತು ಲಕ್ಷ ಅಂದರೆ ಕೈಗೆಷ್ಟು?

ವಿರಾಜಪೇಟೆ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ನೋಡಿದೆ. "ಇಪ್ಪತ್ತು ಲಕ್ಷ ಅಂದಿದ್ದಾರೆ, ಹೂಂ ಅಂದುಬಿಡ್ಲಾ?" ಅಂತ ಕೇಳಿದ್ದೀಯ. ಬೇಡ ಮಾರಾಯ, ಇವತ್ತೇ ಬೇಡ. ಬಿಡು ಅಂತಲೂ ಹೇಳುತ್ತಿಲ್ಲ. ಒಳ್ಳೆ ಕೆಲಸ, ಒಳ್ಳೆ ಟೀಮು. ಆದರೆ ರಿಕ್ರೂಟರ್ ಮೇಡಂ ಫೋನಿನಲ್ಲಿ ಮೊತ್ತ ಹೇಳಿದ ಗಳಿಗೆಗೂ ಆಫರ್ ಲೆಟರ್ ಮೇಲ್‌ಗೆ ಬರುವುದಕ್ಕೂ ನಡುವೆ ಸಿಗುವ ಮೂರ್ನಾಲ್ಕು ದಿನವೇ ನಿನಗೆ ಮಾತಾಡಲು ಇರುವ ಸಮಯ. ಲೆಟರ್ ಬಂತೆಂದರೆ ಮ್ಯಾನೇಜರ್, ಎಚ್‌ಆರ್, ಫೈನಾನ್ಸ್ ಎಲ್ಲರ ಅಪ್ರೂವಲ್ ಮುಗಿದಿರುತ್ತದೆ. ಆಮೇಲೆ ಒಂದು ಅಂಕಿ ಬದಲಿಸಬೇಕಾದರೂ ಆ ಮೇಡಂ ಮತ್ತೆ ಮೊದಲಿಂದ ಎಲ್ಲರ ಬಾಗಿಲು ತಟ್ಟಬೇಕು. ಅದನ್ನು ಯಾರೂ ಖುಷಿಯಿಂದ ಮಾಡುವುದಿಲ್ಲ. ನಾನು ಇಷ್ಟು ವರ್ಷ ಮೇಜಿನ ಆ ಕಡೆ ಕೂತು ಜನರನ್ನು ಕೆಲಸಕ್ಕೆ ಸೇರಿಸಿದವನು, ಅದಕ್ಕೇ ಹೇಳುತ್ತಿದ್ದೇನೆ.

ಮೊದಲು ಒಂದು ಸಣ್ಣ ಕೆಲಸ ಮಾಡು. ಮೇಡಂಗೆ ಮೇಲ್ ಹಾಕಿ ಸಂಬಳದ ಬ್ರೇಕಪ್ ಕೇಳು. ಫೋನಿನಲ್ಲಿ ಕೇಳಬೇಡ. ನಾಪೋಕ್ಲಿನಲ್ಲಿ ನಿನ್ನ ಮನೆ ಹಿಂದಿನ ತೋಟಕ್ಕೆ ಹೋದರೆ ಸಿಗ್ನಲ್ ಇರುವುದಿಲ್ಲ, ಅರ್ಧ ಮಾತು ಕೇಳಿ ಅರ್ಧ ಊಹಿಸಿಕೊಳ್ಳುತ್ತೀಯ. ಸಿಟಿಸಿ, ಅಂದರೆ ಕಂಪನಿ ನಿನ್ನ ಮೇಲೆ ವರ್ಷಕ್ಕೆ ಮಾಡುವ ಒಟ್ಟು ಖರ್ಚು ಎಷ್ಟು, ಅದರಲ್ಲಿ ಕಡಿತಕ್ಕೆ ಮೊದಲಿನ ತಿಂಗಳ ಗ್ರಾಸ್ ಎಷ್ಟು, ಕೆಲಸ ನೋಡಿ ಕೊಡುವ ವೇರಿಯಬಲ್ ಎಷ್ಟು, ಪಿಎಫ್‌ನಲ್ಲಿ ಕಂಪನಿಯ ಪಾಲು, ಗ್ರಾಚ್ಯುಯಿಟಿ, ವಿಮೆ ಎಷ್ಟೆಷ್ಟು ಅಂತ ಕೇಳು. ಕೇಳುವುದರಲ್ಲಿ ನಾಚಿಕೆಯೇನಿಲ್ಲ, ಅವರ ಹತ್ತಿರ ಆ ಶೀಟ್ ತಯಾರಾಗಿಯೇ ಇರುತ್ತದೆ.

ನೀನು ಹೇಳಿದ್ದರ ಮೇಲೆ ನಾನೇ ಒಂದು ಲೆಕ್ಕ ಹಾಕಿದ್ದೇನೆ. ಬೇಸಿಕ್ 10 ಲಕ್ಷ ಅಂತ ಇಟ್ಟುಕೋ. ಅದರ 12 ಪರ್ಸೆಂಟ್ ಕಂಪನಿ ಕಟ್ಟುವ ಪಿಎಫ್, 1,20,000. ಗ್ರಾಚ್ಯುಯಿಟಿಗೆ ಬೇಸಿಕ್‌ನ 4.81 ಪರ್ಸೆಂಟ್, 48,100. ವೇರಿಯಬಲ್ 2 ಲಕ್ಷ ಅಂದಿದ್ದಾರೆ. ವಿಮೆಗೆ 11,900 ಇರಲಿ. ಇಷ್ಟನ್ನೂ ಕಳೆದರೆ ಉಳಿಯುವುದು 16,20,000, ಅಂದರೆ ತಿಂಗಳಿಗೆ 1,35,000 ಗ್ರಾಸ್. ಅದರಲ್ಲೂ ನಿನ್ನ ಪಾಲಿನ ಪಿಎಫ್ 10,000, ಇನ್ಕಮ್ ಟ್ಯಾಕ್ಸ್, ಪ್ರೊಫೆಷನಲ್ ಟ್ಯಾಕ್ಸ್ ಮುರಿದುಕೊಂಡು ಮಿಕ್ಕಿದ್ದು ಖಾತೆಗೆ.

ಈಗ ನಿನ್ನ ಗ್ರಾಸ್ ತಿಂಗಳಿಗೆ 1,20,000, ಎಲ್ಲ ಸೇರಿ ಸಿಟಿಸಿ 15 ಲಕ್ಷ 70 ಸಾವಿರ. ಮೇಡಂ "27 ಪರ್ಸೆಂಟ್ ಹೈಕ್" ಅಂದದ್ದು ಸುಳ್ಳಲ್ಲ. 15.7ರಿಂದ 20ಕ್ಕೆ ಹೋದರೆ ಹತ್ತಿರ ಹತ್ತಿರ ಅಷ್ಟೇ ಆಗುತ್ತದೆ. ಆದರೆ ತಿಂಗಳ ಗ್ರಾಸ್ ಏರಿದ್ದು 15,000 ಮಾತ್ರ, ಅದು ಹನ್ನೆರಡೂವರೆ ಪರ್ಸೆಂಟ್. ಕಾಫಿ ಮಾರುವಾಗ ನಿನ್ನಪ್ಪ ಚೀಲದ ತೂಕಕ್ಕೆ ರೇಟ್ ಒಪ್ಪುತ್ತಾರಾ? ಔಟ್‌ಟರ್ನ್ ಎಷ್ಟು, ಅಂದರೆ ಸಿಪ್ಪೆ ಹೋಗಿ ಬೀಜ ಎಷ್ಟು ಸಿಗುತ್ತದೆ ಅಂತ ನೋಡಿಯೇ ಮಾತಾಡುತ್ತಾರೆ. ಇಲ್ಲೂ ಹಾಗೆಯೇ, ಸಿಟಿಸಿ ಚೀಲದ ತೂಕ.

ಇನ್ನು ಕೇಳುವ ಮಾತು. ತಿಂಗಳು ತಿಂಗಳು ಬರುವ ಫಿಕ್ಸೆಡ್ ಮೊದಲು, ಜಾಯ್ನಿಂಗ್ ಬೋನಸ್ ಆಮೇಲೆ. ಬೋನಸ್ ಒಂದು ಸಲ ಬಂದು ಹೋಗುತ್ತದೆ. ಫಿಕ್ಸೆಡ್ ಹಾಗಲ್ಲ, ಮುಂದಿನ ಇನ್‌ಕ್ರಿಮೆಂಟ್, ಪಿಎಫ್, ಮುಂದಿನ ಕೆಲಸ ಹುಡುಕುವಾಗ ತೋರಿಸುವ ಪೇ ಸ್ಲಿಪ್, ಎಲ್ಲ ಅದರ ಮೇಲೆಯೇ. ಕಂಪನಿ ಕಡೆಯಿಂದ ನೋಡಿದರೆ ಇದು ತಲೆಕೆಳಗು. ಫಿಕ್ಸೆಡ್ ಏರಿಸಿದರೆ ನಿನ್ನ ಪಕ್ಕದಲ್ಲಿ ಕೂರುವವನ ಸಂಬಳಕ್ಕಿಂತ ಜಾಸ್ತಿಯಾಗಬಹುದು, ಆ ಹುದ್ದೆಗೆ ಇಟ್ಟ ಸಂಬಳದ ಮಿತಿ, ಅಂದರೆ ಬ್ಯಾಂಡ್ ಮೀರಬಹುದು, ಆಮೇಲೆ ಅವರಿಗೆ ತಲೆನೋವು. ಜಾಯ್ನಿಂಗ್ ಬೋನಸ್‌ಗೆ ಆ ತಾಪತ್ರಯವಿಲ್ಲ. ಅದಕ್ಕೇ ಫಿಕ್ಸೆಡ್ ಮುಗಿಯುವ ಮೊದಲೇ "ಬೋನಸ್ ಕೊಡಿಸ್ತೀನಿ ಬಿಡಿ" ಅಂತ ಬರುತ್ತಾರೆ. ಬೋನಸ್ ಮಾತು ನೀನಾಗಿ ಮೊದಲು ಎತ್ತಿದೆಯೋ, ಫಿಕ್ಸೆಡ್ ಕಥೆ ಅಲ್ಲಿಗೆ ಮುಗಿಯಿತು.

ತಿಂಗಳಿಗೆ 1,50,000 ಗ್ರಾಸ್ ಕೇಳು, ವರ್ಷಕ್ಕೆ 18 ಲಕ್ಷ. ಈಗಿನದಕ್ಕಿಂತ ಸರಿಯಾಗಿ 25 ಪರ್ಸೆಂಟ್ ಜಾಸ್ತಿ, ಅವರೇ ಹೇಳಿದ 27ರ ಒಳಗೇ ಇದೆ. ದಾರಿಯನ್ನೂ ನೀನೇ ತೋರಿಸು: ವೇರಿಯಬಲ್‌ನ 2 ಲಕ್ಷದಲ್ಲಿ ಒಂದನ್ನು ಫಿಕ್ಸೆಡ್‌ಗೆ ಸರಿಸಿ, ಮೇಲೆ 80 ಸಾವಿರ ಸೇರಿಸಿ ಅಂತ. ಸರಿಸುವುದರಿಂದ ಅವರ ಒಟ್ಟು ಮೊತ್ತ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಬೇಸಿಕ್ ಏರಿದರೆ ಪಿಎಫ್ ಒಂದಿಷ್ಟು ಏರಬಹುದು. ಇಂಥ ಕೋರಿಕೆಗೆ ಅಪ್ರೂವಲ್ ತರುವುದು ಅವರಿಗೂ ಸುಲಭ. ಹಾಗೆಯೇ ವೇರಿಯಬಲ್ ಹೋದ ಎರಡು ವರ್ಷ ಎಷ್ಟು ಪರ್ಸೆಂಟ್ ಕೊಟ್ಟಿದ್ದಾರೆ ಅಂತ ಕೇಳಿಬಿಡು. ಉತ್ತರ ತೇಲಿಸಿದರೆ ಆ 2 ಲಕ್ಷವನ್ನು ನಿನ್ನ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಹಿಡಿಯಬೇಡ.

ಮಾತು ಹೀಗಿರಲಿ: "ಮೇಡಂ, ಟೀಮ್ ಇಷ್ಟವಾಗಿದೆ, ಸೇರುವ ಮನಸ್ಸಿದೆ. ಬ್ರೇಕಪ್ ನೋಡಿದೆ, ತಿಂಗಳ ಗ್ರಾಸ್‌ನಲ್ಲಿ 15 ಸಾವಿರವಷ್ಟೇ ವ್ಯತ್ಯಾಸ ಬರ್ತಿದೆ. ಅದನ್ನ ಒಂದೂವರೆಗೆ ತಂದ್ರೆ ನಾನು ಒಪ್ಕೊಳ್ತೀನಿ." ಅಲ್ಲಿಗೆ ನಿಲ್ಲಿಸು. ಸುಮ್ಮನಿರುವುದು ನಿನಗೆ ಕಷ್ಟ ಅಂತ ಗೊತ್ತು, ಆದರೂ ಸುಮ್ಮನಿರು. "ಕನಿಷ್ಠ ಎಷ್ಟಾದರೆ ಬರ್ತೀರಿ?" ಅಂತ ಕೇಳಿಯೇ ಕೇಳುತ್ತಾರೆ. ಕನಿಷ್ಠ ಹೇಳಿದರೆ ಅದೇ ನಿನ್ನ ಸಂಬಳ. ಒಂದೂವರೆ ಅಂತಲೇ ಇನ್ನೊಮ್ಮೆ ಹೇಳು.

ಇಲ್ಲದ ಇನ್ನೊಂದು ಆಫರ್ ಇದೆ ಅಂತ ಬಿಡಬೇಡ. ಲೆಟರ್ ತೋರಿಸಿ ಅಂದರೆ ಬಾಯಿ ಕಟ್ಟುತ್ತದೆ. ಈಗಿನ ಸಂಬಳವನ್ನೂ ಉಬ್ಬಿಸಬೇಡ, ಪೇ ಸ್ಲಿಪ್, ಫಾರ್ಮ್ 16 ಕೇಳಿದಾಗ ಹೊರಗೆ ಬರುತ್ತದೆ. ನಾನಿದ್ದಾಗ ಅಂಥವರ ಆಫರ್ ವಾಪಸ್ ಆದದ್ದನ್ನು ನೋಡಿದ್ದೇನೆ. ಮರ್ಯಾದೆಯಿಂದ ಜಾಸ್ತಿ ಕೇಳಿದ್ದಕ್ಕೆ ಆಫರ್ ಹೋದದ್ದನ್ನು ಮಾತ್ರ ನೋಡಿದ ನೆನಪಿಲ್ಲ.

ಇನ್ನೊಂದು ಬಾಣ ಬರುತ್ತದೆ ನೋಡು. "ನೀವು ಕೊಡಗಿನಿಂದ ಕೆಲಸ ಮಾಡ್ತೀರಲ್ಲ, ಅಲ್ಲಿ ಖರ್ಚು ಕಡಿಮೆ." ನಗು ಬರುತ್ತದೆ, ನಗಬೇಡ. ತಿಂಗಳಿಗೊಮ್ಮೆ ಬೆಂಗಳೂರಿಗೆ ಬನ್ನಿ ಅಂದಿರುವವರೂ ಅವರೇ. "ಕೆಲಸ ಅದೇ, ಜವಾಬ್ದಾರಿ ಅದೇ, ಬೆಂಗಳೂರಿನವರ ಬ್ಯಾಂಡ್‌ನಲ್ಲೇ ನೋಡಿ" ಅಂದರೆ ಸಾಕು. ಆದರೆ ಬೇಸ್ ಲೊಕೇಷನ್ ಯಾವುದು, ಮನೆಯಿಂದ ಕೆಲಸಕ್ಕೆ ಒಪ್ಪಿಗೆ ಎಲ್ಲಿವರೆಗೆ ಅನ್ನುವುದು ಲೆಟರ್‌ನಲ್ಲೇ ಬರಲಿ. ಬಾಯಿಮಾತಿನ ವರ್ಕ್ ಫ್ರಮ್ ಹೋಮ್ ಮ್ಯಾನೇಜರ್ ಬದಲಾದ ದಿನ ಮುಗಿಯುತ್ತದೆ. ಆಮೇಲೆ ಬೆಂಗಳೂರಿನ ಮನೆ ಬಾಡಿಗೆ ಬಂತು ಅಂದರೆ ಈ 15 ಸಾವಿರ ಯಾವ ಮೂಲೆಗೆ?

ನನ್ನ ಅಂದಾಜಿನಲ್ಲಿ ಫಿಕ್ಸೆಡ್ 1,45,000ರ ಹತ್ತಿರ ನಿಲ್ಲುತ್ತದೆ, ವರ್ಷಕ್ಕೆ 17,40,000. "ಬ್ಯಾಂಡ್ ಮುಗೀತು" ಅಂದರೆ ಆಗ ಬೋನಸ್ ತೆಗೆ. ಸುಮ್ಮನೆ ಬೋನಸ್ ಬೇಕು ಅನ್ನಬೇಡ, ನೀನು ಬಿಟ್ಟು ಬರುತ್ತಿರುವುದರ ಲೆಕ್ಕ ಕೊಡು. ಮಾರ್ಚ್ 31ಕ್ಕೆ ಬರಬೇಕಾದ ನಿನ್ನ ರಿಟೆನ್ಷನ್ ಬೋನಸ್ ಒಂದೂವರೆ ಲಕ್ಷ ಇದೆಯಲ್ಲ, ಅದರ ಪತ್ರ ಓದಿದೆಯಾ? ನೋಟಿಸ್ ಕೊಟ್ಟವರಿಗೆ ಇಲ್ಲ ಅಂತ ಸಾಮಾನ್ಯವಾಗಿ ಒಂದು ಸಾಲು ಇರುತ್ತದೆ. ಇದ್ದರೆ ಅದೇ ನಿನ್ನ ಆಧಾರ, ಆ ಪುಟವನ್ನೇ ಮೇಲ್‌ಗೆ ಸೇರಿಸು. 2 ಲಕ್ಷ ಕೇಳು. ನೋಟಿಸ್ ಬೈಔಟ್, ಅಂದರೆ ನೋಟಿಸ್ ಅವಧಿ ಮುಗಿಸದೆ ಬರಲು ಈಗಿನ ಕಂಪನಿಗೆ ಕಟ್ಟಬೇಕಾದ ದುಡ್ಡನ್ನು ಅದರೊಳಗೆ ಸೇರಿಸಲು ಬಿಡಬೇಡ. ಬೇಗ ಬಾ ಅಂತ ಅವಸರ ಇರುವುದು ಅವರಿಗೆ, ಆ ದುಡ್ಡು ಬೇರೆ. ನಿನ್ನ ಈಗಿನ ಕಂಪನಿ ಬೈಔಟನ್ನು ಬೇಸಿಕ್ ಮೇಲೆ ಹಿಡಿಯುತ್ತದೋ ಗ್ರಾಸ್ ಮೇಲೋ ಅಂತ ಮೊದಲೇ ನೋಡಿಕೋ, ಮೊತ್ತ ಇಮ್ಮಡಿಯಾಗಿಬಿಡಬಹುದು.

ಬೋನಸ್‌ನಲ್ಲಿ ಮೊತ್ತಕ್ಕಿಂತ ಷರತ್ತು ಮುಖ್ಯ. ಅದನ್ನು ಸಂಬಳ ಅಂತಲೇ ಎಣಿಸಿ ತೆರಿಗೆ ಮುರಿಯುತ್ತಾರೆ. 2025-26ರ ಹೊಸ ಪದ್ಧತಿಯ ಸ್ಲ್ಯಾಬ್ ಹಿಡಿದರೆ, 17,40,000ದಲ್ಲಿ ಸ್ಟ್ಯಾಂಡರ್ಡ್ ಡಿಡಕ್ಷನ್ 75,000 ಕಳೆದರೂ ನೀನು 16 ಲಕ್ಷ ದಾಟಿರುತ್ತೀಯ. ಅಲ್ಲಿಂದ 20 ಲಕ್ಷದವರೆಗೆ 20 ಪರ್ಸೆಂಟ್, ಅದರ ಮೇಲೆ 4 ಪರ್ಸೆಂಟ್ ಸೆಸ್. ಪೂರ್ತಿ ವರ್ಷ ಅಲ್ಲೇ ದುಡಿದರೆ ಆ 2 ಲಕ್ಷದಲ್ಲಿ 41,600 ತೆರಿಗೆಗೆ ಹೋಗಿ 1,58,400 ಕೈಗೆ. ಈಗ ಆರು ತಿಂಗಳಿಗೇ ಬಿಟ್ಟೆ ಅಂದುಕೋ. ಲೆಟರ್‌ನಲ್ಲಿ "ಹನ್ನೆರಡು ತಿಂಗಳೊಳಗೆ ಬಿಟ್ಟರೆ ಪೂರ್ತಿ ವಾಪಸ್" ಅಂತಿದ್ದರೆ ಕೇಳುವುದು 2 ಲಕ್ಷ. ಕಾಣದ 41,600ವನ್ನೂ ನೀನು ಜೇಬಿನಿಂದ ಕಟ್ಟಿ, ತೆರಿಗೆಯನ್ನು ಸರಿಪಡಿಸಿಕೊಳ್ಳಲು ಓಡಾಡಬೇಕು.

ಹಾಗಾಗಿ ಲೆಟರ್ ಬರುವ ಮೊದಲೇ ಮೇಲ್‌ನಲ್ಲಿ ಒಪ್ಪಿಸಿಕೋ. ಬೋನಸ್ ಮೊದಲ ಸಂಬಳದ ಜೊತೆಗೇ ಬರಬೇಕು. ವಾಪಸ್ ಕಟ್ಟುವ ಷರತ್ತು ಹನ್ನೆರಡು ತಿಂಗಳಿಗೆ ಮೀರಬಾರದು, ಕೆಲಸ ಮಾಡಿದ ತಿಂಗಳಷ್ಟು ಕಳೆಯುತ್ತಾ ಬರಬೇಕು, ಕೈಗೆ ಬಂದ ಮೊತ್ತದ ಮೇಲೆಯೇ ಲೆಕ್ಕವಾಗಬೇಕು. ಇದರ ಪ್ರಕಾರ ಆರು ತಿಂಗಳಿಗೆ ಬಿಟ್ಟರೆ ಕಟ್ಟುವುದು 79,200. ಕೈಗೆ ಬಂದ ಮೊತ್ತದ ಮೇಲೆ ಅನ್ನುವುದಕ್ಕೆ ದೊಡ್ಡ ಕಂಪನಿಗಳು ಬಗ್ಗುವುದು ಕಡಿಮೆ, ತಿಂಗಳ ಲೆಕ್ಕಕ್ಕೆ ಸಾಮಾನ್ಯವಾಗಿ ಒಪ್ಪುತ್ತಾರೆ. ಒಂದನ್ನು ಮಾತ್ರ ಬಿಡಬೇಡ: ನೀನಾಗಿ ರಾಜೀನಾಮೆ ಕೊಟ್ಟರೆ ಮಾತ್ರ ವಾಪಸ್, ಅವರೇ ಲೇಆಫ್ ಮಾಡಿದರೆ ಇಲ್ಲ ಅಂತ ಬರೆದಿರಲಿ.

ಲೆಟರ್ ಬಂದಾಗ ಮೊದಲ ಪುಟದ ದೊಡ್ಡ ಅಂಕಿ ನೋಡಿ ಮರುಳಾಗಬೇಡ. ಬೋನಸ್ಸನ್ನೂ ಸಿಟಿಸಿಗೆ ಸೇರಿಸಿ "22 ಲಕ್ಷ" ಅಂತ ಬರೆದಿರಬಹುದು. ನೇರ ಕೊನೆಯ ಅನೆಕ್ಷರ್‌ಗೆ ಹೋಗಿ ತಿಂಗಳ ಗ್ರಾಸ್ ಸಾಲು ನೋಡು, 1,45,000 ಇದೆಯಾ ಅಂತ. ಮುಂದಿನ ಅಪ್ರೈಸಲ್‌ಗೆ ನೀನು ಸೇರುವ ತಾರೀಕು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಕೇಳು. ಕೆಲವೆಡೆ ನಾಲ್ಕು ದಿನ ತಡವಾಗಿ ಸೇರಿದವನಿಗೆ ಒಂದು ವರ್ಷದ ಇನ್‌ಕ್ರಿಮೆಂಟ್ ತಪ್ಪುತ್ತದೆ.

ಸಹಿ ಹಾಕಿದ ಲೆಟರ್ ಕೈಯಲ್ಲಿಲ್ಲದೆ ಈಗಿನ ಕೆಲಸಕ್ಕೆ ರಾಜೀನಾಮೆ ಕಳಿಸಬೇಡ, ಮೇಡಂ ಎಷ್ಟೇ ಅವಸರ ಮಾಡಲಿ. ಬಾಯಿಮಾತಿನ ಆಫರ್ ಅಂದರೆ ಅವರು ಕೊಡಬೇಕೆಂದುಕೊಂಡಿದ್ದಾರೆ ಅಂತಷ್ಟೇ. ಅಪ್ರೂವಲ್ ಆಗಿದೆಯಾ ಅಂತ ನೇರವಾಗಿ ಕೇಳು, ಆಗಿಲ್ಲದಿದ್ದರೆ ನಿನಗೇ ಒಳ್ಳೆಯದು, ಬದಲಿಸುವುದು ಸಲೀಸು.

ಬ್ರೇಕಪ್ ಮೇಲ್ ಇವತ್ತೇ ಹಾಕು. ಶೀಟ್ ಬಂದ ಕೂಡಲೇ ನನಗೂ ಕಳಿಸು, ರಿಟೆನ್ಷನ್ ಪತ್ರದ ಫೋಟೋ ಜೊತೆಗಿರಲಿ. ಕುಯ್ಲಿಗೆ ಆಳು ಸಿಗದೆ ನಾನು ಹಗಲೆಲ್ಲ ತೋಟದಲ್ಲೇ ಇರುತ್ತೇನೆ, ರಾತ್ರಿ ಒಂಬತ್ತರ ಮೇಲೆ ಫೋನ್ ಮಾಡು.

ಇಂತಿ ನಿನ್ನ,
ಗೆಳೆಯ