ಬಾಂಡ್ಲಿ ಸದ್ದು ಕೇಳು ಅಳಿಯಾ

ಅಳಿಯಾ, ಹೆಂಗಿದೀಯ. ನಾನು ದುರ್ಗಕ್ಕೆ ವಾಪಸ್ ಬಂದು ಎರಡು ದಿನ ಆತು, ಅವತ್ತು ದಾವಣಗೆರೆಲಿ ನಿನ್ನ ಗಾಡಿ ಹತ್ರ ನಿಂತಾಗಲೇ ಹೇಳೋಣ ಅಂದ್ಕೊಂಡೆ, ಆದ್ರೆ ಗಿರಾಕಿಗಳ ಎದುರಿಗೆ ಮಾವ ಬೈದ ಅಂತಾಗೋದು ಬೇಡ ಅಂತ ಸುಮ್ನಾದೆ. ನಿಮ್ಮಮ್ಮ ಬೇರೆ ಮೊದ್ಲೇ ಹೇಳಿದ್ಲು, ಅಣ್ಣಾ ಅವನಿಗೆ ಏನೂ ಅನ್ಬೇಡ, ಈಗಷ್ಟೇ ಗಾಡಿ ಹಾಕ್ಯಾನೆ ಅಂತ. ಅದಕ್ಕೆ ಬರೆದು ಕಳಿಸ್ತಿದೀನಿ, ಗಾಡಿ ಮುಚ್ಚಿದ ಮೇಲೆ ನಿಧಾನಕ್ಕೆ ಓದ್ಕೊ.

ಆ ಹಾಸ್ಟೆಲ್ ಹುಡುಗ್ರು ನಾಲ್ಕು ಎಗ್ ರೈಸ್ ಹೇಳಿದ್ರಲ್ಲ, ನೆನಪೈತಾ? ಬೇಗ ಆಗ್ಲಿ ಅಂತ ನಾಲ್ಕೂ ಪ್ಲೇಟಿನ ಅನ್ನ ಒಂದೇ ಸಲ ಬಾಂಡ್ಲಿಗೆ ಸುರಿದೆ. ನಾನು ಹಿಂದೆ ಸ್ಟೂಲ್ ಮೇಲೆ ಕೂತಿದ್ದೆ, ನಿನ್ನ ಬಾಂಡ್ಲಿ ನನಗೆ ಕಾಣ್ತಿರ್ಲಿಲ್ಲ, ಆದ್ರೂ ಕೆಟ್ಟಿದ್ದು ಗೊತ್ತಾತು, ಯಾಕಂದ್ರೆ ಚರ್ ಅಂತಿದ್ದ ಸದ್ದು ಅನ್ನ ಬಿದ್ದಿದ್ದೇ ತಡ ನಿಂತೋಯ್ತು. ಆಮೇಲೆ ಬರೀ ಬುಸುಬುಸು ಅಂತ ಹಬೆ. ನೀನು ಆರು ನಿಮಿಷ ಸಟ್ಟುಗದಲ್ಲಿ ಕೆದಕಿದೆ, ತಳ ಹಿಡಿತು, ಮತ್ತೆ ಎಣ್ಣೆ ಬಿಟ್ಟೆ, ಕೊನಿಗೆ ಪ್ಲೇಟಿಗೆ ಬಂದಿದ್ದು ಒಗ್ಗರಣೆ ಮುದ್ದೆ. ಹುಡುಗ್ರು ಏನೂ ಅನ್ಲಿಲ್ಲ, ಆದ್ರೆ ತಳದಾಗೆ ಎಣ್ಣೆ ನಿಂತಿತ್ತು, ಇಬ್ರು ಅರ್ಧ ಬಿಟ್ಟೆದ್ರು.

ಆಗಿದ್ದೇನು ಅಂದ್ರೆ ನೀರು. ಅನ್ನದಾಗೂ ನೀರೈತೆ ಎಲೆಕೋಸಿನಾಗೂ ನೀರೈತೆ, ನೀರು ಇರೋತನಕ ಆ ಜಾಗ 100 ಡಿಗ್ರಿ ದಾಟಲ್ಲ, ಅನ್ನಕ್ಕೆ ಆ ಹುರಿದ ವಾಸನೆ ಬರ್ಬೇಕು ಅಂದ್ರೆ ಹತ್ತಿರತ್ತಿರ 150 ಬೇಕು. ಎರಡು ಪ್ಲೇಟಿನ ಅನ್ನ ಹಾಕಿದ್ರೆ ನಿನ್ನ ಬರ್ನರ್ ಆ ನೀರನ್ನ ಹಾರಿಸಿ ಮತ್ತೆ ಬಿಸಿ ಏರಿಸ್ತೈತೆ, ನಾಲ್ಕು ಹಾಕಿದ್ರೆ ಅದಕ್ಕೆ ತಾಕತ್ತು ಸಾಲಲ್ಲ, ಅನ್ನ ಹುರಿಯಲ್ಲ ಬೇಯ್ತೈತೆ. ಎಣ್ಣೆ ಜಾಸ್ತಿ ಬಿಟ್ರೆ ಅಂಟಲ್ಲ ಅಂತ ನೀನು ತಿಳ್ಕೊಂಡಿದೀಯ, ಅಂಟೋದು ಬಿಸಿ ಕಮ್ಮಿ ಆಗಿದ್ದಕ್ಕೆ ಕಣೋ, ಎಣ್ಣೆ ಕಮ್ಮಿ ಆಗಿ ಅಲ್ಲ. ಎರಡೆರಡೇ ಮಾಡು. ಒಂದು ಸಲಕ್ಕೆ ಎರಡು ನಿಮಿಷ, ಎರಡು ಸಲಕ್ಕೆ ನಾಲ್ಕೂವರೆ ಅಂತಿಟ್ಕೊ, ಆರು ನಿಮಿಷಕ್ಕಿಂತ ಬೇಗನೇ ಆತಲ್ಲ.

ಎರಡು ಪ್ಲೇಟ್ ಎಗ್ ರೈಸ್ ನಾನು ಹೆಂಗೆ ಮಾಡ್ತಿದ್ದೆ ಹೇಳ್ತೀನಿ. ಖಾಲಿ ಬಾಂಡ್ಲಿನ ಫುಲ್ ಉರಿ ಮೇಲಿಟ್ಟು ಒಂದು ಹನಿ ನೀರು ಚಿಮುಕಿಸಿ ನೋಡು, ಬಿದ್ದ ಜಾಗದಲ್ಲೇ ಚುಯ್ ಅಂತ ಆರಿದ್ರೆ ಇನ್ನೂ ಆಗಿಲ್ಲ, ಪಾದರಸದ ಗುಂಡು ತರ ಉರುಳಾಡಿದ್ರೆ ಆತು. ಆವಾಗ ಒಂದು ಸೌಟು ಎಣ್ಣೆ ಬಿಟ್ಟು ಬಾಂಡ್ಲಿನ ಸುತ್ತ ತಿರುಗಿಸಿ ಮೇಲಿನ ಅಂಚಿನ ತನಕ ತಾಗಿಸಿ ಆ ಎಣ್ಣೆನ ವಾಪಸ್ ಡಬ್ಬಿಗೆ ಸುರಿ, ಆಮೇಲೆ ಹೊಸದಾಗಿ ಎರಡು ದೊಡ್ಡ ಚಮಚ ಸಾಕು. ಇದೊಂದನ್ನ ಬಿಡ್ಬೇಡ, ಅಂಟದೇ ಇರೋದು ಇದಕ್ಕೇ. ಎಣ್ಣೆ ಸಣ್ಣಗೆ ಹೊಗೆ ಎದ್ದ ಕೂಡ್ಲೇ ಮೊಟ್ಟೆ, ಉಬ್ಬಿ ಬರ್ತೈತೆ, ಅರ್ಧ ಗಟ್ಟಿ ಆಗ್ತಿದ್ದಂಗೆ ಒಡೆದು ಪ್ಲೇಟಿಗೆ ತೆಗೆದಿಡು, ಅಲ್ಲೇ ಬಿಟ್ರೆ ಕೊನಿಗೆ ರಬ್ಬರ್ ಆಗ್ತೈತೆ. ಆಮೇಲೆ ಒಂದು ಸ್ವಲ್ಪ ಎಣ್ಣೆ, ಬೆಳ್ಳುಳ್ಳಿ. ಬೆಳ್ಳುಳ್ಳಿಗೆ ಐದು ಸೆಕೆಂಡ್ ಅಷ್ಟೇ, ಅದಕ್ಕೇ ಹೇಳೋದು ಅದು ಬೀಳೋಕೆ ಮುಂಚೆ ತರಕಾರಿ ನಿನ್ನ ಎಡಗೈಲಿ ಇರ್ಬೇಕು ಅಂತ, ನೀನು ಅವತ್ತು ಬೆಳ್ಳುಳ್ಳಿ ಹಾಕಿ ಕ್ಯಾರೆಟ್ ಡಬ್ಬಿ ಮುಚ್ಚಳ ಹುಡುಕ್ತಿದ್ದೆ, ಅಷ್ಟರಲ್ಲಿ ಅದು ಕಪ್ಪಾಗಿ ಕಹಿ ಆತು. ಮೊದ್ಲು ಕ್ಯಾರೆಟ್ ಬೀನ್ಸು, ಅವು ಗಟ್ಟಿ, ಆಮೇಲೆ ಈರುಳ್ಳಿ, ನೀರು ಬಿಡೋ ಕೋಸು ಕ್ಯಾಪ್ಸಿಕಂ ಕೊನಿಗೆ. ಎಲ್ಲಾ ಸೇರಿ ಅರ್ಧ ನಿಮಿಷ. ಉಪ್ಪು ಇಲ್ಲಿ ಹಾಕ್ಬೇಡ, ತರಕಾರಿಗೆ ಉಪ್ಪು ಬಿತ್ತು ಅಂದ್ರೆ ನೀರು ಬಿಟ್ಕಂತೈತೆ, ಅನ್ನ ಬಿದ್ದ ಮೇಲೆ ಅನ್ನದ ಮೇಲೆ ಹಾಕು.

ಅನ್ನ ಹಾಕಿದ ಮೇಲೆ ಸದ್ದು ಒಂದು ಕ್ಷಣ ಇಳಿತೈತೆ. ಹೆದರಿ ಕೆದಕ್ಬೇಡ. ಸಟ್ಟುಗದ ಬೆನ್ನಲ್ಲಿ ಒತ್ತಿ ಹರಡಿ ಹತ್ತು ಸೆಕೆಂಡ್ ಬಿಡು, ಸದ್ದು ವಾಪಸ್ ಬರ್ತೈತೆ, ಆವಾಗ ಎಗರಿಸು. ಹಿಂಗೆ ಮೂರ್ನಾಲ್ಕು ಸಲ. ಅನ್ನದ ಕಾಳು ಬಾಂಡ್ಲಿನಾಗೆ ಪಟಪಟ ಅಂತ ಹಾರೋಕೆ ಶುರು ಆದ್ರೆ ನೀರು ಹೋತು ಅಂತ ಅರ್ಥ, ಸೋಯಾ ಸಾಸ್ ಆವಾಗ. ಅದನ್ನೂ ನೀನು ಅನ್ನದ ನಡುವಿಗೆ ಸುರಿದೆ, ಒಂದು ಕಡೆ ಕರಿ ಒಂದು ಕಡೆ ಬಿಳಿ. ಎರಡು ಟೀ ಚಮಚ, ಬಾಂಡ್ಲಿ ಅಂಚಿಗೆ ಸುತ್ತ ಬಿಡು, ಬಿಸಿ ಕಬ್ಬಿಣಕ್ಕೆ ತಾಗಿ ಅಲ್ಲೇ ಬುರುಬುರು ಅಂದು ಇಳಿತೈತಲ್ಲ, ರೋಡಾಚೆ ಹೋಗೋನು ತಿರುಗಿ ನೋಡೋದು ಆ ವಾಸನೆಗೇ. ಮೆಣಸಿನ ಪುಡಿ, ತೆಗೆದಿಟ್ಟ ಮೊಟ್ಟೆ, ಈರುಳ್ಳಿ ಹೂ, ಎರಡು ಸಲ ಎಗರಿಸಿ ಇಳಿಸು.

ಇಳಿಸಿದ ತಕ್ಷಣ ಬಾಂಡ್ಲಿಗೆ ನೀರು ಹಾಕಿ ಬ್ರಶ್ಶಲ್ಲಿ ಒಂದು ಸುತ್ತು ಉಜ್ಜಿ ಚೆಲ್ಲು, ಮತ್ತೆ ಉರಿ ಮೇಲೆ ಒಣಗ್ಲಿ. ಹಿಂದಿನ ಪ್ಲೇಟಿನ ಸೀದ ಚೂರು ಉಳಿದ್ರೆ ಮುಂದಿನದ್ದು ಅಲ್ಲೇ ಹಿಡಿತೈತೆ. ಇನ್ನೊಂದು, ಎಣ್ಣೆಗೆ ಬೆಂಕಿ ಹತ್ತಿದ್ರೆ ಗ್ಯಾಸ್ ಆಫ್ ಮಾಡಿ ತಟ್ಟೆ ಮುಚ್ಚು, ಅಪ್ಪಿತಪ್ಪಿನೂ ನೀರು ಹಾಕ್ಬೇಡ.

ನೂಡಲ್ಸ್‌ಗೂ ಇದೇ ಲೆಕ್ಕ, ಆದ್ರೆ ಅದನ್ನ ಸಟ್ಟುಗದಲ್ಲಿ ಕುಟ್ಟಂಗಿಲ್ಲ, ತುಂಡಾಗ್ತೈತೆ. ಎಳೆ ನಡುವೆ ಒಂಚೂರು ಗಟ್ಟಿ ಇರೋವಾಗ್ಲೇ ಬಸಿದು ತಣ್ಣೀರಲ್ಲಿ ತೊಳೆದು ಎಣ್ಣೆ ಸವರಿ ಅಗಲ ಟ್ರೇನಾಗೆ ಹರಡು. ನೀನು ಬಕೆಟ್‌ನಾಗೆ ತುಂಬಿಟ್ಟಿದೀಯ, ತಳದ್ದು ತನ್ನ ಬಿಸಿಗೆ ತಾನೇ ಬೆಂದು ಮೆತ್ತಗಾಗಿತ್ತು, ನಾನು ಮುಟ್ಟಿ ನೋಡಿದೆ.

ಅನ್ನದ ವಿಷ್ಯ ಮಾತ್ರ ಸೀರಿಯಸ್ಸಾಗಿ ಕೇಳು. ತಣ್ಣಗಿನ ಅನ್ನ ಉದುರುದುರಾಗಿ ಬರ್ತೈತೆ ಅನ್ನೋದು ನಿಜ, ಹಂಗಂತ ಮಧ್ಯಾಹ್ನ ಮಾಡಿದ್ದನ್ನ ಪಾತ್ರೆನಾಗೆ ಮುಚ್ಚಿ ರಾತ್ರಿ ಹತ್ತರ ತನಕ ಇಡ್ಬೇಡ. ಬೆಂದ ಅನ್ನದಾಗೆ ಬ್ಯಾಸಿಲಸ್ ಸೀರಿಯಸ್ ಅಂತ ಒಂದು ಕ್ರಿಮಿ ಬೆಳಿತೈತೆ, ಅದು ಬಿಡೋ ವಿಷ ಎಷ್ಟು ಹುರಿದ್ರೂ ಹೋಗಲ್ಲ, ವಾಸನೆನೂ ಬರಲ್ಲ. ನಾನು ಮೊದ್ಲು ಕೆಲ್ಸಕ್ಕಿದ್ದ ಹೋಟ್ಲಲ್ಲಿ ಹಿಂದಿನ ದಿನದ್ದು ಹೊರಗೇ ಇಟ್ಟು ಮಾರ್ತಿದ್ರು, ಒಂದು ರಾತ್ರಿ ಅದನ್ನೇ ತಿಂದು ನಾವು ಮೂರು ಜನ ಹುಡುಗ್ರು ಬೆಳಗಿನ ತನಕ ವಾಂತಿ. ಬಸಿದ ಕೂಡ್ಲೇ ಟ್ರೇನಾಗೆ ತೆಳ್ಳಗೆ ಹರಡಿ ಫ್ಯಾನ್ ಹಾಕು, ಒಂದು ತಾಸಿನ ಒಳಗೆ ಆರಿಸಿ ಫ್ರಿಜ್ಜಿಗಿಡು, ಗಾಡಿಗೆ ಸ್ವಲ್ಪಸ್ವಲ್ಪನೇ ತಗೊಂಡೋಗು.

ಆಮೇಲೆ ನಿನ್ನ ಭುಜ. ನೀನು ಬಾಂಡ್ಲಿನ ಪೂರ್ತಿ ಎತ್ತಿ ಎಗರಿಸ್ತೀಯ, ನಾನೂ ಹಂಗೇ ಮಾಡಿ ಈಗ ಬಲಗೈಲಿ ತಲೆ ಬಾಚ್ಕೊಳ್ಳೋಕೂ ಆಗ್ತಿಲ್ಲ. ಅಮೆರಿಕದ ಜಾರ್ಜಿಯಾ ಟೆಕ್ ಅನ್ನೋ ಯೂನಿವರ್ಸಿಟಿನಾಗೆ ಇಬ್ರು 2020ರಲ್ಲಿ ಚೀನಾ ಅಡುಗೆಯವ್ರ ವಿಡಿಯೋ ಇಟ್ಕೊಂಡು ಇದನ್ನ ಲೆಕ್ಕ ಹಾಕ್ಯಾರೆ, ಮಗಳು ಓದಿ ಹೇಳಿದ್ಲು. ಅವ್ರು ಬಾಂಡ್ಲಿನ ಎತ್ತೋದೇ ಇಲ್ವಂತೆ, ಒಲೆ ಅಂಚಿನ ಮೇಲೇ ಇಟ್ಟು ಹಿಂದೆಮುಂದೆ ಜಾರಿಸಿ ಏತದ ತರ ಓಲಾಡಿಸ್ತಾರೆ, ಒಂದು ಎಸೆತಕ್ಕೆ ಸೆಕೆಂಡಿನ ಮೂರನೇ ಒಂದು ಭಾಗ ಅಷ್ಟೆ. ಬೆಂಕಿನೂ ಬಿಟ್ಟೋಗಲ್ಲ, ಭಾರನೂ ಒಲೆ ಮೇಲೇ. ಖಾಲಿ ಬಾಂಡ್ಲಿಗೆ ಒಣಗಿದ ಮಂಡಕ್ಕಿ ಹಾಕ್ಕೊಂಡು ಹಗಲೊತ್ತು ಪ್ರಾಕ್ಟೀಸ್ ಮಾಡು, ಚೆಲ್ಲಿದ್ರೆ ನಷ್ಟ ಏನಿಲ್ಲ.

ಮುಂದಿನ ಭಾನುವಾರ ಬರ್ತೀನಿ, ಮನೇಲಿ ಎರಡು ಅಗಲದ ಸ್ಟೀಲ್ ಟ್ರೇ ಸುಮ್ನೆ ಬಿದ್ದಾವೆ, ಹಿಡ್ಕೊಂಡು ಬರ್ತೀನಿ. ಆ ಬಕೆಟ್ ಅಷ್ಟೊತ್ತಿಗೆ ಗಾಡಿ ಮೇಲೆ ಕಾಣ್ಬಾರ್ದು.

ನಿನ್ನ ಮಾವ