ರಾತ್ರಿ ಹನ್ನೊಂದಕ್ಕೆ ಕೈ ಖಾಲಿ ಇರಬಾರದು

ದಾವಣಗೆರೆ
ಭಾನುವಾರ

ಪ್ರೀತಿಯ ಪುಟ್ಟಿ,

ರೀಲ್ಸ್ ಆಪ್ ಅಳಿಸಿ ಹಾಕಿದೆ ಅಂತ ಹೋದ ವಾರ ನೀನು ಮೆಸೇಜ್ ಮಾಡಿದ್ದೆ. ನಿನ್ನೆ ಕೇಳಿದರೆ, "ಮತ್ತೆ ಹಾಕ್ಕೊಂಡೆ ಅಮ್ಮ, ರಾತ್ರಿ ಒಂದೂವರೆ ಆಯ್ತು" ಅಂದೆ. ಜೊತೆಗೆ, ನನಗೆ ಮನಸ್ಸು ಗಟ್ಟಿ ಇಲ್ಲ ಅಂತ ಬೇರೆ ಸೇರಿಸಿದೆ. ಆ ಕೊನೆ ಮಾತನ್ನು ನಾನು ಒಪ್ಪುವುದಿಲ್ಲ. ಫೋನಿನಲ್ಲಿ ಹೇಳಿದರೆ ಹ್ಞೂ ಹ್ಞೂ ಅಂತ ಮುಗಿಸಿಬಿಡುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ. ಸೈಕಾಲಜಿ ಮೇಡಂ ಮಗಳಾಗಿ ಹುಟ್ಟಿದ ಮೇಲೆ ಇಷ್ಟಾದರೂ ಓದಲೇಬೇಕು.

ನೀನು ತೆಗೆದದ್ದು ಆಪ್ ಮಾತ್ರ. ರಾತ್ರಿ ಹನ್ನೊಂದು ಗಂಟೆ ಎಲ್ಲೂ ಹೋಗಲಿಲ್ಲ. ಅದೇ ಮಂಚ, ಅದೇ ಸುಸ್ತು, ಅದೇ ಖಾಲಿ ಕೈ. ಆ ಹೊತ್ತಿಗೆ ಏನು ಮಾಡಬೇಕು ಅಂತ ನಿನ್ನ ಮೆದುಳಿಗೆ ಗೊತ್ತಿದ್ದದ್ದು ಒಂದೇ ಕೆಲಸ. ಅದನ್ನು ಬೇಡ ಅಂದೆ, ಬದಲಿಗೆ ಏನು ಅಂತ ಹೇಳಲಿಲ್ಲ.

ಪ್ರತಿ ವರ್ಷ ಮೊದಲ ವರ್ಷದ ಮಕ್ಕಳಿಗೆ ನಾನೊಂದು ಆಟ ಆಡಿಸುತ್ತೇನೆ. ಎರಡು ನಿಮಿಷ ಯಾರೂ ಬೆಣ್ಣೆ ದೋಸೆ ನೆನೆಸಿಕೊಳ್ಳಬಾರದು, ನೆನಪಾದವರು ಬೆಂಚು ತಟ್ಟಬೇಕು. ಅರ್ಧ ನಿಮಿಷದಲ್ಲಿ ಕ್ಲಾಸು ಸಂತೆಯಾಗುತ್ತದೆ. ಹರಿಹರದಿಂದ ಬೆಳಗಿನ ಬಸ್ಸಿಗೆ ತಿಂಡಿ ಬಿಟ್ಟು ಬಂದವರಂತೂ ತಟ್ಟುತ್ತಲೇ ಇರುತ್ತಾರೆ. ಇದನ್ನು ಸರಿಯಾಗಿ ಪ್ರಯೋಗ ಮಾಡಿ ನೋಡಿದವರು ಅಮೆರಿಕದ ಡೇನಿಯಲ್ ವೆಗ್ನರ್ ಮತ್ತು ಅವರ ಜೊತೆಗಾರರು, 1987ರಲ್ಲಿ. ಅವರದು ದೋಸೆಯಲ್ಲ, ಬಿಳಿ ಕರಡಿ. ಐದು ನಿಮಿಷ ಬಿಳಿ ಕರಡಿಯನ್ನು ನೆನೆಯಬೇಡಿ, ನೆನಪಾದರೆ ಗಂಟೆ ಬಾರಿಸಿ ಅಂದರು. ಗಂಟೆ ಬಾರಿಸುತ್ತಲೇ ಇತ್ತು. ಆಮೇಲೆ ಈಗ ಬೇಕಾದರೆ ನೆನೆಯಿರಿ ಅಂದಾಗ, ಮೊದಲು ತಡೆದಿಟ್ಟುಕೊಂಡವರಿಗೆ ಕರಡಿ ಇನ್ನೂ ಜಾಸ್ತಿ ಬಂತು, ಮೊದಲಿನಿಂದಲೂ ನೆನೆಯಲು ಬಿಟ್ಟವರಿಗಿಂತ ಜಾಸ್ತಿ.

ಕಾರಣವನ್ನು ಅವರು ಹೀಗೆ ವಿವರಿಸಿದರು. ಒಂದು ವಿಷಯ ತಲೆಗೆ ಬರಬಾರದು ಅಂದರೆ, ಅದು ಬಂತಾ ಅಂತ ಮನಸ್ಸಿನ ಒಂದು ಭಾಗ ನೋಡುತ್ತಲೇ ಇರಬೇಕು. ಹಾಗೆ ನೋಡುವುದಕ್ಕೆ ಶ್ರಮ ಬೇಡ, ಅದು ತಾನಾಗಿ ನಡೆಯುತ್ತದೆ. ಬಂದದ್ದನ್ನು ಆಚೆ ತಳ್ಳುವುದಕ್ಕೆ ಮಾತ್ರ ಶ್ರಮ ಬೇಕು. ದಿನವೆಲ್ಲ ದುಡಿದು ಬಂದು ಮಲಗುವ ಹೊತ್ತಿಗೆ ಆ ಶ್ರಮ ಎಲ್ಲಿಂದ ತರುತ್ತೀಯ? ನಿನ್ನ ಮನಸ್ಸು ಗಟ್ಟಿ ಇಲ್ಲ ಅಂತಲ್ಲ. ಬೆಳಿಗ್ಗೆ ಹತ್ತಕ್ಕೆ ನಿನಗೆ ಫೋನ್ ಅಷ್ಟು ಕಾಡುವುದಿಲ್ಲ ಅಲ್ವಾ?

ಹಾಗಾದರೆ ಏನು ಮಾಡಬೇಕು? ಅದೇ ಹೊತ್ತಿಗೆ, ಆ ಅಭ್ಯಾಸವನ್ನು ಎಬ್ಬಿಸುವ ಅದೇ ಸುಳಿವಿಗೆ, ಬೇರೆ ಕೆಲಸ ಕೊಡಬೇಕು. ಉಗುರು ಕಚ್ಚುವುದು, ಕೂದಲು ಕೀಳುವುದು ಇಂಥವಕ್ಕೆ ನೇಥನ್ ಅಜ್ರಿನ್, ಗ್ರೆಗರಿ ನನ್ ಅನ್ನುವವರು 1973ರಲ್ಲೇ ಈ ದಾರಿ ತೋರಿಸಿದರು. ಬೆರಳು ಬಾಯಿಯ ಕಡೆ ಹೊರಟದ್ದು ಗೊತ್ತಾದ ಕೂಡಲೇ ಮುಷ್ಟಿ ಬಿಗಿಹಿಡಿದು ಕೆಲವು ನಿಮಿಷ ಹಾಗೇ ಇರುವುದು. ಬಿಗಿದ ಮುಷ್ಟಿಯಲ್ಲಿ ಉಗುರು ಕಚ್ಚಲು ಬರುವುದಿಲ್ಲ. ಎರಡೂ ಒಟ್ಟಿಗೆ ಆಗದಂಥ ಕೆಲಸ ಆರಿಸಬೇಕು ಅನ್ನುವುದೇ ಅದರ ಜಾಣತನ. ನಿನ್ನ ಅಪ್ಪ ಅಡಿಕೆ ಪೊಟ್ಟಣ ಬಿಟ್ಟದ್ದೂ ಹೆಚ್ಚುಕಡಿಮೆ ಹಾಗೇ. ಊಟ ಆದ ಕೂಡಲೇ ಕೈ ಅಂಗಿ ಜೇಬಿಗೆ ಹೋಗುತ್ತಿತ್ತು. ಅದೇ ಜೇಬಿನಲ್ಲಿ ಲವಂಗದ ಡಬ್ಬಿ ಇಟ್ಟೆ. ಕೈ ಈಗಲೂ ಹೋಗುತ್ತದೆ, ಹೋಗಲಿ.

ಫೋನಿನ ವಿಷಯ ಸ್ವಲ್ಪ ಕಷ್ಟ. ಅದರಿಂದ ಒಬ್ಬೊಬ್ಬರಿಗೆ ಸಿಗುವುದು ಒಂದೊಂದು. ಒಬ್ಬರಿಗೆ ನಗು, ಒಬ್ಬರಿಗೆ ಜನರ ಸಂಗ, ಇನ್ನೊಬ್ಬರಿಗೆ ಏನನ್ನೂ ಯೋಚಿಸದೆ ಇರುವ ಅರ್ಧ ಗಂಟೆ. ನಿನಗೆ ಸಿಗುತ್ತಿರುವುದು ಏನು ಅಂತ ತಿಳಿಯದೆ ಬದಲಿ ಹುಡುಕಿದರೆ ಅದು ನಿಲ್ಲುವುದಿಲ್ಲ.

ನಮ್ಮ ಹಾಸ್ಟೆಲ್ ಹುಡುಗಿ ಒಬ್ಬಳ ಕಥೆ ಹೇಳುತ್ತೇನೆ, ಹೆಸರು ಬೇಡ, ಜಗಳೂರು ಕಡೆಯವಳು. ಅವಳಿಗೂ ಇದೇ ಗೋಳು. ಮೊದಲ ಕೆಲವು ರಾತ್ರಿ ಏನೂ ಬಿಡಬೇಡ, ಸುಮ್ನೆ ಬರೆದಿಡು ಅಂದೆ. ಫೋನ್ ಕೈಗೆ ಬಂದಾಗ ಎಷ್ಟು ಗಂಟೆ, ಎಲ್ಲಿದ್ದೆ, ಅದಕ್ಕೆ ಮೊದಲು ಏನು ಮಾಡುತ್ತಿದ್ದೆ, ಮನಸ್ಸು ಹೇಗಿತ್ತು, ಹತ್ತಿರ ಯಾರಿದ್ದರು. ಅವಳ ಚೀಟಿಗಳಲ್ಲಿ ಗಂಟೆ ಬೇರೆ ಬೇರೆ ಇತ್ತು, ಮನಸ್ಸೂ ಬೇರೆ ಬೇರೆ. ಒಂದು ಸಾಲು ಮಾತ್ರ ಎಲ್ಲದರಲ್ಲೂ ಇತ್ತು: "ಅಲಾರಂ ಇಡ್ತಿದ್ದೆ." ನಾಳೆ ಬೆಳಿಗ್ಗೆ ಏಳಬೇಕಲ್ಲ ಅಂತ ಫೋನ್ ತೆಗೆಯುವುದು, ಮೇಲೆ ಒಂದು ನೋಟಿಫಿಕೇಶನ್ ಇರುವುದು, ಅಲ್ಲಿಂದ ಶುರು. ಅವಳ ಸುಳಿವು ಅಲಾರಂ.

ಆಮೇಲೆ ಏನು ಸಿಗುತ್ತದೆ ಅನ್ನುವುದನ್ನು ಹುಡುಕಿದೆವು. ಒಂದೊಂದು ರಾತ್ರಿ ಒಂದೊಂದು ಬದಲಿ. ಅದಾಗಿ ಕಾಲು ಗಂಟೆ ಬಿಟ್ಟು, ಈಗಲೂ ಫೋನ್ ಬೇಕು ಅನಿಸುತ್ತಾ ಅಂತ ತನ್ನನ್ನೇ ಕೇಳಿಕೊಳ್ಳಬೇಕು. ಕಾದಂಬರಿ ಹಿಡಿದಳು. ಕಣ್ಣು ಪುಟದ ಮೇಲೆ, ಮನಸ್ಸು ಫೋನಿನ ಮೇಲೆ. ಮನೆಗೆ ಫೋನ್ ಮಾಡಿದಳು. ಬೋರ್‌ವೆಲ್ ಸಾಲದ ಮಾತು ಬಂದು ಇದ್ದ ನಿದ್ದೆಯೂ ಹೋಯಿತು. ಒಂದು ರಾತ್ರಿ ದೀಪ ಆರಿಸಿ ರೂಂಮೇಟ್ ಜೊತೆ ಹಾಳು ಹರಟೆ ಹೊಡೆದಳು. ಅವತ್ತು ಫೋನ್ ನೆನಪೇ ಆಗಲಿಲ್ಲವಂತೆ. ದಿನವೆಲ್ಲ ನೂರು ಜನರ ಮಧ್ಯೆ ಇದ್ದರೂ ಅವಳ ಜೊತೆ ಯಾರೂ ಸುಮ್ನೆ ಮಾತಾಡುತ್ತಿರಲಿಲ್ಲ. ರೀಲ್ಸ್ ಅವಳಿಗೆ ಕೊಡುತ್ತಿದ್ದದ್ದು ಮನುಷ್ಯರ ಮುಖ.

ಹಾಗಾಗಿ ಹರಟೆಯನ್ನೇ ಬದಲಿ ಮಾಡಿದೆವು. ಕೀ ಕೊಡುವ ಅಲಾರಂ ಗಡಿಯಾರ ಬಂತು, ಫೋನಿನ ಚಾರ್ಜರ್ ಬಾಗಿಲ ಹತ್ತಿರದ ಪ್ಲಗ್ಗಿಗೆ ಹೋಯಿತು. ಗಡಿಯಾರಕ್ಕೆ ಕೀ ಕೊಟ್ಟ ಕೂಡಲೇ ದೀಪ ಆರಿಸಿ, ಅವತ್ತು ಕಂಡ ಒಂದು ತಮಾಷೆ ಒಬ್ಬೊಬ್ಬರು ಹೇಳಬೇಕು. ಚೆನ್ನಾಗಿಯೇ ನಡೆಯಿತು, ಶನಿವಾರ ಬರುವವರೆಗೆ. ಶನಿವಾರ ರೂಂಮೇಟ್ ಊರಿಗೆ ಹೋದಳು, ಇವಳು ರಾತ್ರಿ ಎರಡರವರೆಗೆ ಫೋನ್ ಹಿಡಿದಳು. ಇನ್ನೊಬ್ಬರ ಮೇಲೆ ನಿಂತ ಬದಲಿಗೆ ಈ ತೊಂದರೆ ಇದ್ದೇ ಇದೆ. ಶನಿವಾರಕ್ಕೆ ಅಂತ ರೇಡಿಯೊದಲ್ಲಿ ಹಳೇ ಹಾಡು ಇಟ್ಟುಕೊಂಡಳು. ಅಷ್ಟು ರುಚಿಸಲಿಲ್ಲ, ಆದರೂ ಕೈ ಫೋನಿಗೆ ಹೋಗುವುದು ಕಮ್ಮಿಯಾಯಿತು.

ಈಗ ನಿನ್ನದು. ನಿನ್ನ ಪಿಜಿಯಲ್ಲಿ ನೀನೊಬ್ಬಳೇ, ಹರಟೆ ಆಗುವುದಿಲ್ಲ. ನಿನಗೆ ಬೇಕಿರುವುದೂ ಅದಲ್ಲ ಅಂತ ನನ್ನ ಊಹೆ. ದಸರಾಕ್ಕೆ ಬಂದಾಗ ನೀನೊಂದು ಮಾತು ಹೇಳಿದ್ದೆ, ಲ್ಯಾಪ್‌ಟಾಪ್ ಮುಚ್ಚಿದ ಮೇಲೆ ಸಿಗುವ ಹೊತ್ತು ಮಾತ್ರ ನಂದು, ಮಲಗಿಬಿಟ್ಟರೆ ಅದೂ ಹೋಯ್ತು ಅಂತ. ಅಂದರೆ ನೀನು ಹಿಡಿದುಕೊಂಡಿರುವುದು ಫೋನನ್ನಲ್ಲ, ಆ ಹೊತ್ತನ್ನು. ಹಾಗಿದ್ದರೆ ಬೇಗ ಮಲಗು ಅನ್ನುವ ಬುದ್ಧಿಮಾತು ನಿನಗೆ ಕೆಲಸ ಮಾಡುವುದಿಲ್ಲ. ಇಂಗ್ಲಿಷ್ ಕೋರ್ಸಿನ ಪುಸ್ತಕ ಓದುತ್ತೇನೆ ಅಂದೆಯಲ್ಲ, ಅದೂ ಬೇಡ. ಅದು ಇನ್ನೊಂದು ಡ್ಯೂಟಿ. ಬದಲಿ ಕೆಲಸ ನಿನಗೆ ಖುಷಿ ಕೊಡಬೇಕು, ಯಾರಿಗೂ ಲೆಕ್ಕ ಒಪ್ಪಿಸುವಂತಿರಬಾರದು, ಎರಡೂ ಕೈ ಹಿಡಿದಿಡಬೇಕು. ಮತ್ತೆ ಅದಕ್ಕೊಂದು ಕೊನೆ ಇರಬೇಕು. ರೀಲ್ಸಿಗೆ ಕೊನೆ ಇಲ್ಲ, ಅದನ್ನು ಮಾಡಿರುವುದೇ ಹಾಗೆ. ಕೆಳಗೆ ಸರಿಸಿದಷ್ಟೂ ಬರುತ್ತಲೇ ಇರುವ ಪುಟವನ್ನು 2006ರಲ್ಲಿ ರೂಪಿಸಿದ ಏಜಾ ರಾಸ್ಕಿನ್ ಆಮೇಲೆ ಅದಕ್ಕೆ ತಾವೇ ಬೇಜಾರು ಮಾಡಿಕೊಂಡರು.

ಅಜ್ಜಿ ಹತ್ತಿರ ಕಲಿತ ಕ್ರೋಶಾ ನೆನಪಿದೆಯಾ? ನನಗೆ ತೋಚಿದ್ದು ಅದು. ನಾಲ್ಕು ಸಾಲು ಹಾಕುವುದು, ನಿಲ್ಲಿಸುವುದು. ಹೊಸ ಡಿಸೈನ್ ಬೇಕು ಅಂತ ಯೂಟ್ಯೂಬ್ ತೆಗೆದೆಯೋ ಕಥೆ ಮುಗಿಯಿತು, ಗೊತ್ತಿರುವುದನ್ನೇ ಹಾಕು. ನಿನಗೆ ಬೇರೇನಾದರೂ ಹೊಳೆದರೆ ಅದೇ ಆಗಲಿ, ನನ್ನ ಊಹೆಯನ್ನೂ ಆ ಕಾಲು ಗಂಟೆಯ ಪರೀಕ್ಷೆಗೆ ಹಚ್ಚು. ವಾರವಾದರೂ ಕ್ರೋಶಾ ಇಟ್ಟ ಕೂಡಲೇ ಫೋನ್ ಬೇಕು ಅನಿಸುತ್ತಿದ್ದರೆ ಊಹೆ ತಪ್ಪು ಅಂತ ಅರ್ಥ, ನಿನ್ನ ತಪ್ಪಲ್ಲ. ಬೇರೆ ಬದಲಿ ನೋಡೋಣ.

ಒಂದು ಚೀಟಿಯಲ್ಲಿ ಹೀಗೆ ಬರೆದು ಲ್ಯಾಪ್‌ಟಾಪಿಗೆ ಅಂಟಿಸು: "ಲ್ಯಾಪ್‌ಟಾಪ್ ಮುಚ್ಚಿದರೆ, ಫೋನ್ ಬಾಗಿಲ ಹತ್ತಿರ ಚಾರ್ಜಿಗೆ ಹಾಕಿ ಕ್ರೋಶಾ ಡಬ್ಬಿ ತೆಗೆಯುತ್ತೇನೆ." ಹೀಗಾದರೆ ಹೀಗೆ ಮಾಡುತ್ತೇನೆ ಅನ್ನುವ ಇಂಥ ವಾಕ್ಯದ ಮೇಲೆ ಪೀಟರ್ ಗೋಲ್ವಿಟ್ಜರ್ ಅನ್ನುವವರು ಬಹಳ ಕೆಲಸ ಮಾಡಿದ್ದಾರೆ. ಯಾವಾಗ, ಎಲ್ಲಿ ಅನ್ನುವುದು ಮೊದಲೇ ಗೊತ್ತಿದ್ದರೆ ಆ ಹೊತ್ತಿನಲ್ಲಿ ಯೋಚಿಸುವ ಕೆಲಸ ತಪ್ಪುತ್ತದೆ. "ಫೋನ್ ನೋಡುವುದಿಲ್ಲ" ಅಂತ ಮಾತ್ರ ಬರೆಯಬೇಡ. ಅದನ್ನು ಓದಿದಾಗಲೆಲ್ಲ ಫೋನೇ ನೆನಪಾಗುತ್ತದೆ, ನಮ್ಮ ಕ್ಲಾಸಿನ ದೋಸೆ ಥರ.

ಎಷ್ಟು ದಿನ ಬೇಕು ಅಂತ ಕೇಳುತ್ತೀಯ, ಗೊತ್ತು. 21 ದಿನ ಅನ್ನುವ ವಾಟ್ಸಾಪ್ ಮಾತು ನಂಬಬೇಡ. ಲಂಡನ್ನಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಜೊತೆಗಾರರು 96 ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಒಂದು ಹೊಸ ಅಭ್ಯಾಸ ತಾನಾಗಿ ನಡೆಯುವಷ್ಟಾಗಲು ಸುಮಾರು 66 ದಿನ ಅಂತ ಲೆಕ್ಕ ಬಂತು. ಆದರೆ ಒಬ್ಬೊಬ್ಬರಿಗೆ 18ರಿಂದ 254 ದಿನದವರೆಗೆ ವ್ಯತ್ಯಾಸ. ಮಧ್ಯೆ ಒಂದು ದಿನ ತಪ್ಪಿದ್ದರಿಂದ ಹೆಚ್ಚೇನೂ ಹಾಳಾಗಲಿಲ್ಲ. ಹಳೇ ಅಭ್ಯಾಸ ಅಳಿಸಿಹೋಗುತ್ತದೆ ಅಂತ ಮಾತ್ರ ತಿಳಿಯಬೇಡ. ಅದು ಅಲ್ಲೇ ಇರುತ್ತದೆ. ಜ್ವರ ಬಂದಾಗ, ರೂಂ ಬದಲಾದಾಗ, ಇಲ್ಲಿ ನಮ್ಮ ಮನೆಗೆ ಬಂದು ನಿನ್ನ ಹಳೇ ಮಂಚದ ಮೇಲೆ ಮಲಗಿದಾಗ ಎದ್ದು ಬರುತ್ತದೆ. ಊರಿಗೆ ಬರುವಾಗ ಡಬ್ಬಿ ಬ್ಯಾಗಿಗೆ ಹಾಕಿಕೊ.

ಇನ್ನೊಂದು. ಫೋನ್ ಆಚೆ ಇಟ್ಟ ಮೇಲೂ ನಿದ್ದೆ ಬರದೆ ಹೊರಳಾಡುತ್ತಿದ್ದರೆ, ಮನಸ್ಸಿಗೆ ದಿನವೆಲ್ಲ ಭಾರ ಅನಿಸುತ್ತಿದ್ದರೆ, ಆಗ ಕಾರಣ ಫೋನ್ ಅಲ್ಲದೆ ಇರಬಹುದು. ಅದಕ್ಕೆ ಕ್ರೋಶಾ ಸಾಲದು. ನೀನಿರುವ ಊರಿನಲ್ಲೇ ನಿಮ್ಹಾನ್ಸ್ ಇದೆ, ಫೋನ್, ಇಂಟರ್‌ನೆಟ್ ಬಳಕೆ ಕೈಮೀರಿದವರಿಗೆ ಅಂತಲೇ ಅಲ್ಲಿ 'ಶಟ್' ಕ್ಲಿನಿಕ್ ನಡೆಸುತ್ತಾರೆ. ಮನೆಯಿಂದಲೇ ಮಾತಾಡಬೇಕು ಅಂದರೆ ಟೆಲಿ ಮಾನಸ್, 14416. ನನಗೆ ಹೇಳಲು ಸಂಕೋಚ ಆದರೆ ಅವರಿಗೆ ಹೇಳು.

ಅಶೋಕ ರೋಡಿಗೆ ಹೋಗಿ ಗಡಿಯಾರ ತಂದಿದ್ದೇನೆ. ಟಿಕ್ ಟಿಕ್ ಸದ್ದು ಸ್ವಲ್ಪ ಜಾಸ್ತಿ, ತಲೆದಿಂಬಿನಿಂದ ದೂರ ಇಟ್ಟುಕೊ. ಅಜ್ಜಿಯ ಎರಡು ಕ್ರೋಶಾ ಕಡ್ಡಿ, ಹಸಿರು ನೂಲು, ಒಂದು ಪ್ಯಾಕೆಟ್ ಖಾರ ಮಂಡಕ್ಕಿ ಕೂಡ ಜೊತೆಗಿದೆ. ಶುಕ್ರವಾರ ಚಿಕ್ಕಪ್ಪ ಬೆಂಗಳೂರಿಗೆ ಬರುತ್ತಾರೆ, ಅವರ ಕೈಲಿ ಕಳಿಸುತ್ತೇನೆ. ಅಲ್ಲಿಯವರೆಗೆ ಏನೂ ಬಿಡಬೇಡ, ಚೀಟಿ ಬರೆದಿಡು. ಫೋನ್ ಕೈಗೆ ಬರುವ ಮುಂಚೆ ಏನು ಮಾಡುತ್ತಿದ್ದೆ ಅನ್ನುವ ಸಾಲನ್ನು ಬಿಡಬೇಡ, ನನಗೆ ಬೇಕಿರುವುದು ಅದು.

ನಿನ್ನ
ಅಮ್ಮ